ಯಾರಿಗೆ ಯಾವ ವರದಿ, ಯಾವಾಗ, ಯಾವ ದಾರಿಯಲ್ಲಿ? ಕಾಫಿ ಕಣ ಕಟ್ಟುವ ಮುಂಚೆ ಬರೆದಿಡಬೇಕಾದ ಸಂವಹನ ಯೋಜನೆ

2020ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಿತು. ಹಾಸನ, ಚಿಕ್ಕಮಗಳೂರು ಕಡೆ ಕಾಫಿ, ಮೆಣಸು, ತೆಂಗು ಬೆಳೆಯುವವರು ಸೇರಿ ಕಂಪನಿ ಮಾಡಿಕೊಳ್ಳುವುದು ಈಗ ಹೊಸ ಮಾತೇನಲ್ಲ. ಕಂಪನಿ ಆದ ಮೇಲೆ ಮುಂದಿನ ಹೆಜ್ಜೆ ಗೋದಾಮು, ಕಣ, ಪಲ್ಪಿಂಗ್ ಘಟಕ. ಅದಕ್ಕೆ ಸಾಲ ಬೇಕು, ಎಂಜಿನಿಯರ್ ಬೇಕು, ಕಂಟ್ರಾಕ್ಟರ್ ಬೇಕು. ಆಗ ಸಾಲ ಕೊಡುವವರೋ ಸಲಹೆಗಾರರೋ ಕೇಳುವುದುಂಟು: "ನಿಮ್ಮ ಸಂವಹನ ನಿರ್ವಹಣಾ ಯೋಜನೆ ಎಲ್ಲಿ?"

ಹೆಸರು ಕೇಳಿದರೆ ದೊಡ್ಡ ಕಡತ ಇರಬೇಕು ಅನಿಸುತ್ತದೆ. ಹಾಗೇನಿಲ್ಲ. ಸಣ್ಣ ಕಾಮಗಾರಿಗೆ ಅದು ಎರಡು ಹಾಳೆಯ ಕೆಲಸ. ಆದರೆ ಆ ಎರಡು ಹಾಳೆ ತುಂಬಲು ಸ್ವಲ್ಪ ಯೋಚನೆ ಬೇಕು. ಆ ಯೋಚನೆ ಹೇಗೆ ಸಾಗಬೇಕು ಅನ್ನುವುದನ್ನು ಇಲ್ಲಿ ಒಂದು ಕಾಫಿ ಕಣದ ಉದಾಹರಣೆ ಇಟ್ಟುಕೊಂಡು ನೋಡೋಣ.

## ಇದು ವರದಿಯಲ್ಲ, ವರದಿಗಳ ಬಗ್ಗೆ ಮೊದಲೇ ಮಾಡಿಕೊಂಡ ಒಪ್ಪಂದ

ಒಂದು ಕೆಲಸ ನಡೆಯುವಾಗ ಹಲವರಿಗೆ ಸುದ್ದಿ ತಲುಪಬೇಕು. ಯಾರಿಗೆ ತಲುಪಬೇಕು, ಯಾವ ಸುದ್ದಿ, ಎಷ್ಟು ದಿನಕ್ಕೊಮ್ಮೆ, ಯಾವ ದಾರಿಯಲ್ಲಿ, ಕಳಿಸುವ ಜವಾಬ್ದಾರಿ ಯಾರದು ಅನ್ನುವುದನ್ನು ಕೆಲಸ ಶುರುವಾಗುವ ಮುಂಚೆಯೇ ಬರೆದಿಟ್ಟ ಕಾಗದವೇ ಸಂವಹನ ಯೋಜನೆ. ದೊಡ್ಡ ಕಾಮಗಾರಿಗಳ ನಿರ್ವಹಣೆಯಲ್ಲಿ ವೇಳಾಪಟ್ಟಿ, ಖರ್ಚಿನ ಅಂದಾಜು, ಗುಣಮಟ್ಟದ ಜೊತೆಗೆ ಇದಕ್ಕೂ ಒಂದು ಜಾಗ ಇದೆ.

ಮಲೆನಾಡಿನವರು ಇದೇ ಯೋಚನೆಯನ್ನು ಬೇರೊಂದು ಕಡೆ ನೋಡಿದ್ದಾರೆ. ಸಕಲೇಶಪುರ, ಆಲೂರು, ಬೇಲೂರು ಭಾಗದಲ್ಲಿ ಕಾಡಾನೆ ಎಲ್ಲಿದೆ ಅನ್ನುವುದನ್ನು ಅರಣ್ಯ ಇಲಾಖೆ ಮೊಬೈಲ್ ಸಂದೇಶ, ಫೋನ್ ಕರೆ, ರಸ್ತೆ ಬದಿಯ ಡಿಜಿಟಲ್ ಫಲಕದ ಮೂಲಕ ತಿಳಿಸುತ್ತದೆ. ಬೆಳಗ್ಗೆ ತೋಟಕ್ಕೆ ನಡೆದು ಹೋಗುವ ಕೂಲಿಯವರಿಗೆ ಬೇಕಾದ್ದು ಇಷ್ಟೇ: ಆನೆ ಈಗ ಯಾವ ತೋಟದ ಹತ್ತಿರ ಇದೆ. ಅದು ಮಧ್ಯಾಹ್ನ ತಿಳಿದರೆ ಪ್ರಯೋಜನವಿಲ್ಲ. ಬೈಕಿನಲ್ಲಿ ಬರುವವನು ಮೊಬೈಲ್ ತೆಗೆದು ನೋಡುವುದಿಲ್ಲ, ಅವನಿಗೆ ರಸ್ತೆ ಬದಿಯ ಫಲಕವೇ ಸರಿ. ಬೆಳೆ ಹಾನಿಯ ಲೆಕ್ಕ ನೋಡುವ ಅಧಿಕಾರಿಗೆ ಪ್ರತಿ ಗಂಟೆಯ ಸುದ್ದಿ ಬೇಡ, ಒಂದು ತಿಂಗಳ ಹಾನಿ ಒಟ್ಟಾಗಿ ಬೇಕು. ಆನೆ ಒಂದೇ, ಬೇಕಾಗುವ ವರದಿ ಮಾತ್ರ ಮೂರು ಬಗೆ. ಕಟ್ಟಡದ ಕೆಲಸದಲ್ಲೂ ಹೀಗೇ ಯೋಚಿಸಬೇಕು.

## ಉದಾಹರಣೆಗೆ ಒಂದು ಕಣ

ಸಕಲೇಶಪುರದ ಕಡೆ 150 ಸದಸ್ಯರಿರುವ ಒಂದು ಬೆಳೆಗಾರರ ಕಂಪನಿ ಇದೆ ಅಂತ ಇಟ್ಟುಕೊಳ್ಳಿ. 6,000 ಚದರ ಅಡಿಯ ಸಿಮೆಂಟ್ ಕಣ, ಪಕ್ಕದಲ್ಲಿ ಒಂದು ಸಣ್ಣ ಗೋದಾಮು ಕಟ್ಟಬೇಕು. ಕೆಲಸ ಫೆಬ್ರವರಿಯಲ್ಲಿ ಶುರು. ಜೂನ್‌ನಲ್ಲಿ ಮಳೆ ಹಿಡಿಯುವ ಮುಂಚೆ, ಅಂದರೆ ಮೇ ಕೊನೆಗೆ ಮುಗಿಯಲೇಬೇಕು. ಮಳೆಗಾಲದಲ್ಲಿ ಅಲ್ಲಿ ಕಾಂಕ್ರೀಟ್ ಹಾಕುವುದು ಆಗದ ಮಾತು. ತಪ್ಪಿದರೆ ಮುಂದಿನ ಕೊಯ್ಲಿಗೆ ಕಣ ಇರುವುದಿಲ್ಲ, ನವೆಂಬರ್‌ನಿಂದ ಬರುವ ಅರೇಬಿಕಾವನ್ನು ಒಣಗಿಸಲು ಮತ್ತೆ ಬೇರೆಯವರ ಕಣವೇ ಗತಿ.

ಕೆಲಸದಲ್ಲಿ ನೇರವಾಗಿ ತೊಡಗಿರುವವರು 7 ಜನ ನಿರ್ದೇಶಕರು, ಒಬ್ಬ ಸಿಇಒ, ಎಂಜಿನಿಯರ್, ಕಂಟ್ರಾಕ್ಟರ್, ಲೆಕ್ಕ ಬರೆಯುವವರು, ಬ್ಯಾಂಕಿನ ಅಧಿಕಾರಿ. ಒಟ್ಟು 12 ಜನ. ಇವರಲ್ಲಿ ಯಾರು ಬೇಕಾದರೂ ಯಾರ ಜೊತೆಗಾದರೂ ಮಾತಾಡಬಹುದು ಅಂದರೆ ಎಷ್ಟು ಜೋಡಿಗಳಾಗುತ್ತವೆ? ಅದಕ್ಕೆ ಒಂದು ಸೂತ್ರ ಇದೆ. ಇಲ್ಲಿ n ಅಂದರೆ ಜನರ ಸಂಖ್ಯೆ:

```
n × (n − 1) ÷ 2
12 × 11 ÷ 2 = 66
```

ಒಬ್ಬ ಎಲೆಕ್ಟ್ರಿಷಿಯನ್ ಸೇರಿದರೆ 13 ಜನ, ಜೋಡಿಗಳು 78. ಒಬ್ಬ ಬಂದದ್ದಕ್ಕೆ 12 ಹೊಸ ದಾರಿಗಳು ತೆರೆದವು. ಎಂಜಿನಿಯರ್ ಒಬ್ಬ ನಿರ್ದೇಶಕರಿಗೆ ಫೋನಿನಲ್ಲಿ ಹೇಳಿದ್ದು ಕಂಟ್ರಾಕ್ಟರ್‌ಗೆ ಬೇರೆ ರೀತಿ ತಲುಪುವುದು ಇಂಥ ಜಾಗದಲ್ಲೇ. ಈ 66 ದಾರಿಗಳಲ್ಲಿ ಯಾವ ಏಳೆಂಟರಲ್ಲಿ ಅಧಿಕೃತ ಸುದ್ದಿ ಹರಿಯಬೇಕು ಅಂತ ಆರಿಸಿಕೊಳ್ಳುವುದೇ ಯೋಜನೆಯ ಕೆಲಸ. ಉಳಿದ ದಾರಿಗಳಲ್ಲಿ ಮಾತುಕತೆ ಬೇಡ ಅಂತಲ್ಲ. ಅಲ್ಲಿ ಆಡಿದ ಮಾತಿನ ಮೇಲೆ ಯಾರೂ ಕೆಲಸ ಬದಲಿಸಬಾರದು, ಅಷ್ಟೇ.

## ಶುರು ಮಾಡಬೇಕಾದ್ದು ಪಡೆಯುವವರಿಂದ

ಹೆಚ್ಚಿನವರು ಯೋಜನೆ ಬರೆಯುವಾಗ "ನಮ್ಮ ಹತ್ತಿರ ಏನೇನು ಮಾಹಿತಿ ಇದೆ, ಅದನ್ನು ಯಾರಿಗೆ ಕಳಿಸೋಣ" ಅಂತ ಶುರು ಮಾಡುತ್ತಾರೆ. ಆಗ ಎಲ್ಲರಿಗೂ ಎಲ್ಲವೂ ಹೋಗುತ್ತದೆ. ಉಲ್ಟಾ ಕಡೆಯಿಂದ ಬರಬೇಕು. ಒಬ್ಬೊಬ್ಬರ ಹೆಸರಿನ ಮುಂದೆ ಒಂದು ಪ್ರಶ್ನೆ ಬರೆಯಿರಿ: ಈ ವರದಿ ಓದಿ ಇವರು ಏನು ತೀರ್ಮಾನ ಮಾಡಬೇಕು?

ಬ್ಯಾಂಕಿನ ಅಧಿಕಾರಿಯನ್ನೇ ನೋಡಿ. ಅವರು ಮಾಡುವ ತೀರ್ಮಾನ ಒಂದೇ, ಮುಂದಿನ ಕಂತು ಬಿಡಬೇಕೋ ಬೇಡವೋ. ತಳಪಾಯ ಮುಗಿದಿದೆ, ಎಂಜಿನಿಯರ್ ಅಳತೆ ಮಾಡಿ ಸಹಿ ಹಾಕಿದ್ದಾರೆ, ಹಿಂದಿನ ಕಂತು ಇಂಥದ್ದಕ್ಕೆ ಖರ್ಚಾಗಿದೆ, ಬಿಲ್ಲುಗಳು ಇಲ್ಲಿವೆ. ಅವರಿಗೆ ಇಷ್ಟು ಸಾಕು. ಪ್ರತಿ ವಾರ ಎಷ್ಟು ಲೋಡ್ ಜಲ್ಲಿ ಬಂತು ಅನ್ನುವುದು ಬೇಡ. ಹಾಗಾಗಿ ಅವರ ವರದಿಗೆ ವಾರ, ತಿಂಗಳ ಲೆಕ್ಕ ಹೊಂದುವುದಿಲ್ಲ. ಒಂದು ಹಂತ ಮುಗಿದಾಗ ಹೋಗುವ ವರದಿ ಅದು.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಸ್ಥಳ ನೋಡಿ ಕಂತು ಬಿಡಲು ಎರಡು ವಾರ ಬೇಕಾಗುತ್ತದೆ ಅಂತ ಬ್ಯಾಂಕಿನವರು ಹೇಳಿದ್ದಾರೆ ಅನ್ನಿ. ಹಂತ ಮುಗಿದ ಮೇಲೆ ವರದಿ ಕಳಿಸಿದರೆ ಆ ಎರಡು ವಾರ ಕಂಟ್ರಾಕ್ಟರ್ ಕೈಯಲ್ಲಿ ದುಡ್ಡಿರುವುದಿಲ್ಲ. ಆಳುಗಳು ಬೇರೆ ಕೆಲಸಕ್ಕೆ ಹೋಗುತ್ತಾರೆ, ಅವರನ್ನು ಮತ್ತೆ ಕರೆತರುವುದು ಕಷ್ಟ. ಅದಕ್ಕೆ ಯೋಜನೆಯಲ್ಲಿ ಎರಡು ಸಾಲು ಬೇಕು. ಹಂತ ಮುಗಿಯುವ ಎರಡು ವಾರ ಮುಂಚೆ ಒಂದು ಮುನ್ಸೂಚನೆ ಪತ್ರ: "ಇಂಥ ದಿನದ ಹೊತ್ತಿಗೆ ತಳಪಾಯ ಮುಗಿಯುತ್ತದೆ, ದಯವಿಟ್ಟು ಸ್ಥಳ ಪರಿಶೀಲನೆಗೆ ದಿನ ಕೊಡಿ." ಮುಗಿದ ದಿನವೇ ಅಳತೆ, ಬಿಲ್ಲು, ಫೋಟೋ ಸಮೇತ ಹಂತದ ವರದಿ.

ನಿರ್ದೇಶಕರ ಪ್ರಶ್ನೆ ಬೇರೆ. ಕೆಲಸ ಮೇ ಕೊನೆಗೆ ಮುಗಿಯುತ್ತಾ, ಖರ್ಚು ಅಂದಾಜಿನೊಳಗೆ ಇದೆಯಾ, ನಮ್ಮಿಂದ ಏನಾದರೂ ಒಪ್ಪಿಗೆ ಬೇಕಾ? ಸದಸ್ಯರಿಗೆ ನಮ್ಮ ಷೇರು ಹಣ ಸರಿಯಾಗಿ ಬಳಕೆಯಾಗುತ್ತಿದೆಯಾ, ಮುಂದಿನ ಕೊಯ್ಲಿಗೆ ಕಣ ಸಿಗುತ್ತಾ ಅನ್ನುವುದು ಮುಖ್ಯ. ಕಡೆಯದು ಅವರಿಗೆ ಬಹಳ ದೊಡ್ಡ ಪ್ರಶ್ನೆ. ಕಣ ಸಿಗುವುದಿಲ್ಲ ಅಂತ ಗೊತ್ತಾದರೆ ಹಣ್ಣನ್ನೇ ಮಾರುವ ಅಥವಾ ಬೇರೆ ಕಡೆ ಒಣಗಿಸುವ ಏರ್ಪಾಡನ್ನು ಅವರು ಮೊದಲೇ ಮಾಡಿಕೊಳ್ಳಬೇಕು.

ಯಾರಿಗೆ ಯಾವುದು ಹೋಗಬಾರದು ಅನ್ನುವುದನ್ನೂ ಇಲ್ಲೇ ಬರೆದಿಡುವುದು ಒಳ್ಳೆಯದು. ಕಂಟ್ರಾಕ್ಟರ್‌ಗಳು ಕೊಟ್ಟ ದರಪಟ್ಟಿ ತೀರ್ಮಾನಕ್ಕೆ ಮುಂಚೆ ಸದಸ್ಯರ ಗುಂಪಿಗೆ ಬಿದ್ದರೆ ಅದು ಪೈಪೋಟಿಯಲ್ಲಿರುವ ಇನ್ನೊಬ್ಬ ಕಂಟ್ರಾಕ್ಟರ್‌ಗೆ ತಲುಪಲು ಹೊತ್ತು ಬೇಕಿಲ್ಲ. ಸದಸ್ಯರ ಪಹಣಿ, ಆಧಾರ್ ಪ್ರತಿಗಳೂ ಹಾಗೇ, ಅವು ಸಿಇಒ ಮತ್ತು ಬ್ಯಾಂಕಿನ ನಡುವೆ ಮಾತ್ರ ಓಡಾಡಬೇಕು.

## ಎಷ್ಟು ದಿನಕ್ಕೊಮ್ಮೆ? ತಪ್ಪನ್ನು ಸರಿಪಡಿಸಲು ಉಳಿದಿರುವ ಸಮಯ ನೋಡಿ

ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಹೆಚ್ಚು ತಲೆ ಓಡಿಸಬೇಕಾದ ಜಾಗ ಇದೇ. "ವಾರಕ್ಕೊಂದು ವರದಿ" ಅಂತ ಸುಮ್ನೆ ಬರೆದುಬಿಡುವುದು ಸುಲಭ. ವಾರ ಯಾಕೆ, ದಿನ ಯಾಕಲ್ಲ ಅಂತ ಕೇಳಿದರೆ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ.

ಲೆಕ್ಕ ಹೀಗಿದೆ. ಏನೋ ತಪ್ಪಾಯಿತು. ಅದು ಮುಂದಿನ ವರದಿಯಲ್ಲಿ ಬರಲು ಸ್ವಲ್ಪ ದಿನ. ಓದಬೇಕಾದವರು ಓದಲು ಸ್ವಲ್ಪ ಹೊತ್ತು. ತೀರ್ಮಾನಕ್ಕೆ ಸ್ವಲ್ಪ, ಅದು ಕೆಲಸದ ಜಾಗಕ್ಕೆ ಇಳಿಯಲು ಇನ್ನು ಸ್ವಲ್ಪ. ಇವೆಲ್ಲ ಕೂಡಿಸಿದ ಸಮಯ, ಆ ತಪ್ಪನ್ನು ಸರಿಪಡಿಸಬಹುದಾದ ಸಮಯಕ್ಕಿಂತ ಕಡಿಮೆ ಇರಬೇಕು. ಜಾಸ್ತಿ ಆದರೆ ವರದಿ ಬಂದಾಗ ಮಾಡಲು ಏನೂ ಉಳಿದಿರುವುದಿಲ್ಲ.

ಕಣದ ನೆಲದಲ್ಲಿ ಇದನ್ನು ನೋಡೋಣ. ಕಾಂಕ್ರೀಟ್ ಹಾಕಿದ ಮೇಲೆ ಅದನ್ನು ಒದ್ದೆಯಾಗಿ ಇಡಬೇಕು. ಇದನ್ನೇ ಕ್ಯೂರಿಂಗ್ ಅನ್ನುತ್ತಾರೆ. ಐಎಸ್ 456 ಅನ್ನುವ ಭಾರತೀಯ ಮಾನದಂಡದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಆದರೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟ್ ಆದರೆ ಕನಿಷ್ಠ 10 ದಿನ ನೀರು ಕೊಡಬೇಕು. ಏಪ್ರಿಲ್ ಬಿಸಿಲಲ್ಲಿ ನೀರು ತಪ್ಪಿದರೆ ನೆಲದಲ್ಲಿ ಸಣ್ಣ ಬಿರುಕು ಬೀಳುತ್ತದೆ, ಮೇಲಿನ ಪದರ ಪುಡಿ ಏಳುತ್ತದೆ. ಮನೆಯ ಅಂಗಳವಾದರೆ ಹೇಗೋ ನಡೆಯುತ್ತದೆ. ಕಾಫಿ ಕಣದಲ್ಲಿ ಆ ಪುಡಿ ಕಾಳಿನ ಜೊತೆ ಸೇರುತ್ತದೆ, ಬಿರುಕಿನಲ್ಲಿ ಹಳೆಯ ಕಾಳು ಸಿಕ್ಕಿ ಬೂಷ್ಟು ಹಿಡಿಯುತ್ತದೆ.

ಮಂಗಳವಾರ ಪಿಪಿಸಿ ಸಿಮೆಂಟಿನ ಕಾಂಕ್ರೀಟ್ ಹಾಕಿದರು ಅನ್ನಿ. ಗುರುವಾರ ಕರೆಂಟ್ ಹೋಗಿ ಪಂಪು ನಿಂತಿತು. ವಾರದ ವರದಿಯನ್ನು ಮೇಸ್ತ್ರಿ ಶನಿವಾರ ಸಂಜೆ ಕೊಡುತ್ತಾರೆ. ಸಿಇಒ ಸೋಮವಾರ ಅದನ್ನು ಸೇರಿಸಿ ಬರೆಯುತ್ತಾರೆ. ಎಂಜಿನಿಯರ್ ಮಂಗಳವಾರ ಓದುತ್ತಾರೆ. ಅಷ್ಟರಲ್ಲಿ ನೆಲ ಐದು ದಿನ ಒಣಗಿದೆ. ಬೇಕಿದ್ದ 10 ದಿನದಲ್ಲಿ ಅರ್ಧ ಹೋಯಿತು, ಆಮೇಲೆ ಎಷ್ಟು ನೀರು ಸುರಿದರೂ ಆಗಿರುವ ಬಿರುಕು ಕೂಡುವುದಿಲ್ಲ. ಇಲ್ಲಿ ಯಾರೂ ವರದಿ ಬಚ್ಚಿಟ್ಟಿಲ್ಲ, ಯಾರೂ ತಡ ಮಾಡಿಲ್ಲ. ಎಲ್ಲರೂ ಯೋಜನೆಯಲ್ಲಿ ಬರೆದಂತೆಯೇ ನಡೆದುಕೊಂಡಿದ್ದಾರೆ. ತಪ್ಪಿರುವುದು "ವಾರಕ್ಕೊಮ್ಮೆ" ಅನ್ನುವ ಮಾತಿನಲ್ಲಿ.

ಅದೇ ಗುರುವಾರ ಸಂಜೆ ಸುದ್ದಿ ತಿಳಿದಿದ್ದರೆ ಒಂದು ಟ್ಯಾಂಕರ್ ನೀರು, ಮೇಲೆ ಹಾಸಲು ಒದ್ದೆ ಗೋಣಿಚೀಲ, ಅಷ್ಟರಲ್ಲಿ ಮುಗಿಯುತ್ತಿತ್ತು. ಹಾಗಾಗಿ ಯೋಜನೆಯಲ್ಲಿ ಹೀಗೆ ಬರೆಯಬೇಕು: ಕ್ಯೂರಿಂಗ್ ನಡೆಯುವಷ್ಟು ದಿನ ಮಾತ್ರ, ಪ್ರತಿದಿನ ಸಂಜೆ 6 ಗಂಟೆಯೊಳಗೆ, ಮೇಸ್ತ್ರಿಯಿಂದ ಎಂಜಿನಿಯರ್‌ಗೆ ಒಂದು ಫೋಟೋ, ಒಂದು ಸಾಲು. ಕ್ಯೂರಿಂಗ್ ಮುಗಿದ ಮೇಲೆ ಮತ್ತೆ ವಾರಕ್ಕೊಮ್ಮೆ. ಕೆಲಸದ ಹಂತ ಬದಲಾದಂತೆ ವರದಿಯ ಅಂತರವೂ ಬದಲಾಗಬೇಕು. ಮೊದಲಿನಿಂದ ಕೊನೆಯವರೆಗೆ ದಿನಾ ವರದಿ ಕೇಳಿದರೆ ಎರಡೇ ವಾರದಲ್ಲಿ ಮೇಸ್ತ್ರಿ ಹಳೆಯ ಫೋಟೋ ಕಳಿಸಲು ಶುರು ಮಾಡುತ್ತಾರೆ, ಎಂಜಿನಿಯರ್ ನೋಡುವುದನ್ನು ಬಿಡುತ್ತಾರೆ.

## ಯಾವ ದಾರಿ?

ಕಾಮಗಾರಿ ನಿರ್ವಹಣೆಯಲ್ಲಿ ದಾರಿಗಳನ್ನು ಮೂರು ಬಗೆಯಾಗಿ ನೋಡುತ್ತಾರೆ. ಮೊದಲನೆಯದು ನಾವೇ ಕಳಿಸುವುದು: ಪತ್ರ, ಇಮೇಲ್, ವಾಟ್ಸಾಪ್ ಸಂದೇಶ. ಎರಡನೆಯದು ಒಂದು ಕಡೆ ಇಟ್ಟಿರುವುದು, ಬೇಕಾದವರು ಬಂದು ನೋಡುವುದು: ನೋಟಿಸ್ ಬೋರ್ಡು, ಕಚೇರಿಯ ಕಡತ. ಮೂರನೆಯದು ಎದುರುಬದುರು ಮಾತು: ಸಭೆ, ಫೋನ್.

ಕಳಿಸುವ ದಾರಿಯ ತೊಂದರೆ ಏನೆಂದರೆ ಸುದ್ದಿ ಹೋಯಿತು ಅಂತ ಗೊತ್ತಾಗುತ್ತದೆ, ತಿಳಿಯಿತಾ ಅಂತ ಗೊತ್ತಾಗುವುದಿಲ್ಲ. ವಾಟ್ಸಾಪಿನಲ್ಲಿ ನೀಲಿ ಗುರುತು ಬಂದರೆ ಸಂದೇಶ ತೆರೆದಿದ್ದಾರೆ ಅಂತ ಮಾತ್ರ ಅರ್ಥ. ಅದಕ್ಕೆ ದಿನದ ಫೋಟೋಗೆ ಒಂದು ನಿಯಮ ಸೇರಿಸಬೇಕು: ರಾತ್ರಿ 8 ಗಂಟೆಯೊಳಗೆ ಎಂಜಿನಿಯರ್ "ನೋಡಿದೆ, ಸರಿ ಇದೆ" ಅಥವಾ "ಇಂಥದ್ದು ಮಾಡಿ" ಅಂತ ಉತ್ತರಿಸಬೇಕು. ಉತ್ತರ ಬರದಿದ್ದರೆ ಮೇಸ್ತ್ರಿ ಸಿಇಒಗೆ ಫೋನ್ ಮಾಡಬೇಕು. ಕೆಟ್ಟ ಸುದ್ದಿ ಇದ್ದಾಗ ಮೊದಲು ಫೋನ್, ಆಮೇಲೆ ಬರಹ. ಹಣ, ಅಳತೆ, ಒಪ್ಪಿಗೆಯ ವಿಷಯ ಫೋನಿನಲ್ಲಿ ಎಷ್ಟೇ ಮಾತಾಡಿದ್ದರೂ ಕೊನೆಗೆ ಸಹಿ ಇರುವ ಕಾಗದದಲ್ಲೇ ಇರಬೇಕು.

ದಾರಿ ಆರಿಸುವಾಗ ಊರಿನ ಸ್ಥಿತಿ ನೋಡಬೇಕು. ಎಷ್ಟೋ ತೋಟದ ಮನೆಗಳಲ್ಲಿ ಸಿಗ್ನಲ್ ಬರುವುದು ಒಂದು ಮೂಲೆಯಲ್ಲಿ, ಕರೆಂಟ್ ಹೋದರೆ ಅದೂ ಇಲ್ಲ. 150 ಸದಸ್ಯರಿಗೂ ವಾಟ್ಸಾಪಿನಲ್ಲಿ ಹಾಕಿದೆವು ಅಂತ ಸುಮ್ಮನಾದರೆ ಕೆಲವರಿಗೆ ಏನೂ ತಲುಪುವುದಿಲ್ಲ. ಜನ ಹೇಗೂ ಬರುವ ಜಾಗ ಯಾವುದು ನೋಡಿ: ಹಾಲಿನ ಡೈರಿ, ಸೊಸೈಟಿ, ನ್ಯಾಯಬೆಲೆ ಅಂಗಡಿ. ಅಲ್ಲಿ ತಿಂಗಳಿಗೊಂದು ಹಾಳೆ ದೊಡ್ಡ ಅಕ್ಷರದಲ್ಲಿ ಅಂಟಿಸಿದರೆ ಹೆಚ್ಚು ಜನ ಓದುತ್ತಾರೆ. ಓದು ಬಾರದ ಹಿರಿಯರಿಗೆ ಅದನ್ನೇ ಒಂದು ನಿಮಿಷದ ಧ್ವನಿ ಸಂದೇಶ ಮಾಡಿದರೆ ಮನೆಯ ಹುಡುಗರು ಕೇಳಿಸುತ್ತಾರೆ.

## ಎಲ್ಲ ಸೇರಿದರೆ ಹಾಳೆ ಹೀಗಿರುತ್ತದೆ

| ಯಾರಿಗೆ | ಏನು | ಯಾವಾಗ | ಯಾವ ದಾರಿ | ಯಾರ ಜವಾಬ್ದಾರಿ |
|---|---|---|---|---|
| ಎಂಜಿನಿಯರ್ | ಕ್ಯೂರಿಂಗ್ ಫೋಟೋ, ಒಂದು ಸಾಲು | ಆ ದಿನಗಳಲ್ಲಿ ಪ್ರತಿ ಸಂಜೆ 6ಕ್ಕೆ | ವಾಟ್ಸಾಪ್, ಉತ್ತರ ಕಡ್ಡಾಯ | ಮೇಸ್ತ್ರಿ |
| ನಿರ್ದೇಶಕರು | ಒಂದು ಪುಟದ ಪ್ರಗತಿ ವರದಿ | ಪ್ರತಿ ಸೋಮವಾರ | ಇಮೇಲ್ ಅಥವಾ ಮುದ್ರಿತ ಪ್ರತಿ | ಸಿಇಒ |
| ಬ್ಯಾಂಕ್ | ಮುನ್ಸೂಚನೆ, ನಂತರ ಹಂತದ ವರದಿ | ಹಂತಕ್ಕೆ 2 ವಾರ ಮುಂಚೆ, ಮುಗಿದ ದಿನ | ಸಹಿ ಮಾಡಿದ ಪತ್ರ | ಸಿಇಒ, ಎಂಜಿನಿಯರ್ |
| ಸದಸ್ಯರು | ಕೆಲಸ ಮತ್ತು ಖರ್ಚಿನ ಸಾರ | ತಿಂಗಳಿಗೊಮ್ಮೆ | ಡೈರಿಯ ಬೋರ್ಡು, ಧ್ವನಿ ಸಂದೇಶ | ಲೆಕ್ಕ ಬರೆಯುವವರು |
| ಅಧ್ಯಕ್ಷರು | 3 ದಿನಕ್ಕಿಂತ ಹೆಚ್ಚು ತಡ ಅಥವಾ ಶೇ 5ಕ್ಕಿಂತ ಹೆಚ್ಚು ಖರ್ಚು | ಅದೇ ದಿನ | ಫೋನ್, ಮರುದಿನ ಬರಹ | ಸಿಇಒ |

ಕೊನೆಯ ಸಾಲಿನಲ್ಲಿರುವ 3 ದಿನ, ಶೇ 5 ಅನ್ನುವುದು ಉದಾಹರಣೆಗೆ ಇಟ್ಟುಕೊಂಡ ಅಂಕಿ. ನಿಮ್ಮ ಕೆಲಸದಲ್ಲಿ ಎಷ್ಟು ದಿನ ಹೆಚ್ಚುವರಿ ಕೈಯಲ್ಲಿದೆ, ಎಷ್ಟು ಹಣ ಮೀಸಲಿದೆ ನೋಡಿ ಅದನ್ನು ಗೊತ್ತು ಮಾಡಬೇಕು. ಆದರೆ ಒಂದು ಅಂಕಿ ಇರಲೇಬೇಕು. "ತೊಂದರೆ ದೊಡ್ಡದಾದರೆ ತಿಳಿಸಿ" ಅಂತ ಬರೆದರೆ ಯಾವುದು ದೊಡ್ಡದು ಅನ್ನುವುದನ್ನು ತೊಂದರೆಯಲ್ಲಿ ಸಿಕ್ಕಿಕೊಂಡವರೇ ನಿರ್ಧರಿಸಬೇಕಾಗುತ್ತದೆ. ಅವರು ಇನ್ನೆರಡು ದಿನ ನೋಡೋಣ ಅನ್ನುವುದು ಸಹಜ.

ನಿರ್ದೇಶಕರ ಒಂದು ಪುಟದಲ್ಲಿ ಏನಿರಬೇಕು? ಆಗಬೇಕಿದ್ದದ್ದು, ಆಗಿದ್ದು, ಕಾರಣ, ಬೇಕಾದ ತೀರ್ಮಾನ. ಹೀಗೆ: "ಈ ವಾರ ಕಣದ ನೆಲ 1,500 ಚದರ ಅಡಿ ಆಗಬೇಕಿತ್ತು. 1,100 ಆಗಿದೆ. ಜಲ್ಲಿ ಎರಡು ಲೋಡ್ ಕಡಿಮೆ ಬಂತು. ಇನ್ನೊಂದು ಕ್ರಷರ್‌ನಿಂದ ತರಿಸಿದರೆ ಮುಂದಿನ ವಾರ ಸರಿದೂಗುತ್ತದೆ, ಆದರೆ ದರ ಹೆಚ್ಚು. ಒಪ್ಪಿಗೆ ಗುರುವಾರದೊಳಗೆ ಬೇಕು." ಇದರಲ್ಲಿ "ಕೆಲಸ ಚೆನ್ನಾಗಿ ಸಾಗುತ್ತಿದೆ" ಅನ್ನುವ ಮಾತಿಲ್ಲ, ಅದಕ್ಕೆ ಜಾಗವೂ ಇಲ್ಲ.

## ಯೋಜನೆ ಕೆಟ್ಟಿದೆ ಅಂತ ತಿಳಿಯುವುದು ಹೇಗೆ?

ಮೊದಲ ಗುರುತು, ವರದಿ ಹೋದ ಮೇಲೂ ಅದೇ ಪ್ರಶ್ನೆಗೆ ಫೋನ್ ಬರುವುದು. ಸೋಮವಾರ ವರದಿ ಕಳಿಸಿದ್ದೀರಿ, ಮಂಗಳವಾರ ಇಬ್ಬರು ನಿರ್ದೇಶಕರು "ಮೇ ಒಳಗೆ ಮುಗಿಯುತ್ತಾ?" ಅಂತ ಕೇಳುತ್ತಾರೆ. ಅವರು ಓದಿಲ್ಲ ಅಂತ ಬೇಸರಪಡುವ ಮುಂಚೆ ಪುಟ ತೆಗೆದು ನೋಡಿ. ಮುಗಿಯುವ ದಿನ ಅದರಲ್ಲಿ ಬರೆದಿದೆಯಾ? ಎಷ್ಟೋ ಸಲ ಇರುವುದಿಲ್ಲ.

ಇದಕ್ಕೆ ವಿರುದ್ಧವಾದ ಗುರುತೂ ಇದೆ. ಒಂದು ವಾರ ವರದಿ ಹೋಗಲಿಲ್ಲ, ಯಾರೂ ಕೇಳಲಿಲ್ಲ. ಹಾಗಿದ್ದರೆ ಆ ವರದಿಯಿಂದ ಯಾರೂ ಏನೂ ತೀರ್ಮಾನ ಮಾಡುತ್ತಿಲ್ಲ ಅಂತ ಅರ್ಥ. ಅದನ್ನು ನಿಲ್ಲಿಸಿ, ಅಥವಾ ಬೇಕಾದವರನ್ನು ಹುಡುಕಿ. ಬೇಡದ ವರದಿಗಳು ಬೇಕಾದ್ದನ್ನು ಮುಚ್ಚಿಹಾಕುತ್ತವೆ. ಎಲ್ಲರೂ ಇರುವ ಒಂದೇ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಚಿತ್ರ, ಹುಟ್ಟುಹಬ್ಬದ ಹಾರೈಕೆ, ಮೆಣಸಿನ ದರದ ನಡುವೆ ಬಿರುಕಿನ ಫೋಟೋ ಬಂದರೆ ಅದು ಎಂಜಿನಿಯರ್ ಕಣ್ಣಿಗೆ ಬೀಳುವುದು ಅದೃಷ್ಟ. ಕೆಲಸದ ಗುಂಪು ಬೇರೆ, ಸದಸ್ಯರ ಗುಂಪು ಬೇರೆ ಇರಲಿ.

ಇನ್ನೊಂದು, ಇಬ್ಬರ ಬಾಯಲ್ಲಿ ಎರಡು ಅಂಕಿ. ಅಧ್ಯಕ್ಷರು ಖರ್ಚು ಇಷ್ಟಾಗಿದೆ ಅನ್ನುತ್ತಾರೆ, ಡೈರಿಯ ಬೋರ್ಡಿನಲ್ಲಿ ಬೇರೆ ಇದೆ. ಒಬ್ಬರು ಬಂದ ಬಿಲ್ಲನ್ನೆಲ್ಲ ಕೂಡಿಸಿದ್ದಾರೆ, ಇನ್ನೊಬ್ಬರು ಪಾವತಿ ಆದದ್ದನ್ನು ಮಾತ್ರ. ಇಬ್ಬರೂ ಸುಳ್ಳು ಹೇಳಿಲ್ಲ, ಆದರೂ ಸದಸ್ಯರಲ್ಲಿ ಅನುಮಾನ ಹುಟ್ಟಲು ಅಷ್ಟು ಸಾಕು, ಅಲ್ವಾ? ಅದಕ್ಕೆ ಹಣದ ಅಂಕಿ ಎಲ್ಲ ವರದಿಗೂ ಒಬ್ಬರಿಂದಲೇ, ಒಂದೇ ತಾರೀಖಿನದ್ದು ಬರಬೇಕು. ಆ ತಾರೀಖನ್ನು ಪಕ್ಕದಲ್ಲೇ ಬರೆಯಬೇಕು.

## ಇದರಿಂದ ಆಗದ ಕೆಲಸ

ಸುದ್ದಿ ಸರಿಯಾದ ಹೊತ್ತಿಗೆ ತಲುಪುವಂತೆ ಈ ಹಾಳೆ ನೋಡಿಕೊಳ್ಳುತ್ತದೆ. ಅದರಾಚೆ ತೀರ್ಮಾನ ಮಾಡಿಸುವುದು ಇದರ ಕೈಯಲ್ಲಿಲ್ಲ. ನಿರ್ದೇಶಕರಲ್ಲಿ ಒಡಕಿದ್ದರೆ ಗುರುವಾರದೊಳಗೆ ಒಪ್ಪಿಗೆ ಬೇಕು ಅಂತ ಬರೆದರೂ ಬರುವುದಿಲ್ಲ. ಮೇಸ್ತ್ರಿ ನಿಜ ಹೇಳಲು ಹೆದರುವ ವಾತಾವರಣ ಇದ್ದರೆ ದಿನಾ ಫೋಟೋ ಬರುತ್ತದೆ, ನೆಲ ಒಣಗಿದ ಜಾಗ ಮಾತ್ರ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಎಂಜಿನಿಯರ್ ಮೊದಲೇ ಹೇಳದೆ ವಾರಕ್ಕೊಮ್ಮೆ ಸ್ಥಳಕ್ಕೆ ಬಂದು ಹೋಗುವುದನ್ನೂ ಯೋಜನೆಯಲ್ಲಿ ಸೇರಿಸುವುದು ಒಳ್ಳೆಯದು.

ಹಾಳೆಯ ಮೇಲ್ಗಡೆ ತಾರೀಖು ಹಾಕಿ. ಜನ ಬದಲಾದಾಗ, ಹಂತ ಬದಲಾದಾಗ ತಿದ್ದಿ ಹೊಸ ತಾರೀಖಿನ ಪ್ರತಿ ಕೊಡಿ, ಹಳೆಯದನ್ನು ವಾಪಸ್ ತೆಗೆದುಕೊಳ್ಳಿ. ಕೆಲಸ ಮುಗಿದಾಗ ಕೊನೆಯ ಸಾಲುಗಳೂ ಅದರಲ್ಲೇ ಇರಲಿ: ಅಂತಿಮ ಅಳತೆ ಮತ್ತು ಲೆಕ್ಕ ಬ್ಯಾಂಕಿಗೆ, ಖರ್ಚಿನ ಪೂರ್ತಿ ಪಟ್ಟಿ ಸದಸ್ಯರ ಸಭೆಗೆ, ಕಟ್ಟಡದ ನಕ್ಷೆ, ವಿದ್ಯುತ್ ವೈರಿಂಗ್ ನಕ್ಷೆ ಮತ್ತು ಕಂಟ್ರಾಕ್ಟರ್ ಕೊಟ್ಟ ಖಾತರಿ ಪತ್ರ ಕಂಪನಿಯ ಕಚೇರಿಯ ಕಡತಕ್ಕೆ. ಮೊದಲ ಮಳೆಗಾಲದಲ್ಲಿ ಗೋದಾಮು ಸೋರಿದರೆ ಯಾರಿಗೆ ಫೋನ್ ಮಾಡಬೇಕು, ಎಷ್ಟು ತಿಂಗಳವರೆಗೆ ಅವರು ಸರಿಮಾಡಿಕೊಡಬೇಕು ಅನ್ನುವುದು ಆ ಕಡತದ ಮೊದಲ ಪುಟದಲ್ಲಿರಬೇಕು.